ಪಾಠ 4: ಹತ್ತು ಪರ್ಸೆಂಟ್ ಬಡ್ಡಿ ಹದಿನಾರಕ್ಕಿಂತ ದುಬಾರಿ ಆಗೋದು ಹೇಗೆ? (ವಿಡಿಯೋ ಸ್ಕ್ರಿಪ್ಟ್)

ಕೋರ್ಸ್: ಸಾಲದ ಲೆಕ್ಕ, ಮೊಬೈಲ್‌ನಲ್ಲೇ
ಅವಧಿ: ಸುಮಾರು 9 ನಿಮಿಷ
ಯಾರಿಗೆ: ಸಣ್ಣ ಅಂಗಡಿ, ಟೈಲರಿಂಗ್, ಹೋಟೆಲ್ ನಡೆಸುವವರು, ಸ್ತ್ರೀಶಕ್ತಿ ಸಂಘದ ಸದಸ್ಯರು. ಕೂಡು, ಕಳೆ, ಗುಣಿಸು ಬಂದರೆ ಸಾಕು.
ಕಲಿಕೆಯ ಗುರಿ: ಸಾಲ ಕೊಡುವವರು ಹೇಳಿದ ಮೊತ್ತ, ಕಂತು, ತಿಂಗಳುಗಳ ಸಂಖ್ಯೆ, ಈ ಮೂರನ್ನು ಮಾತ್ರ ಇಟ್ಟುಕೊಂಡು ಆ ಸಾಲದ ನಿಜವಾದ ವಾರ್ಷಿಕ ಬಡ್ಡಿಯನ್ನು ಕಲಿಯುವವರು ತಾವೇ ಕಂಡುಹಿಡಿಯಬೇಕು. ಎರಡು ಸಾಲಗಳಲ್ಲಿ ಯಾವುದು ಅಗ್ಗ ಅಂತ ಹೇಳಬೇಕು.

ಎಡಿಟಿಂಗ್ ಮಾಡುವವರಿಗೆ: ಪಾಠ 3ರಲ್ಲಿ ಅಂಕಿಗಳು ಬೇಗ ಬಂದು ಹೋದವು, ಬರೆದುಕೊಳ್ಳೋಕೆ ಆಗಲಿಲ್ಲ ಅಂತ ತುಂಬಾ ಜನ ಹೇಳಿದ್ದಾರೆ. ಈ ಸಲ ಯಾವ ಅಂಕಿಯೂ 5 ಸೆಕೆಂಡಿಗಿಂತ ಮೊದಲು ಪರದೆಯಿಂದ ಹೋಗಬಾರದು. ಅಕ್ಷರ ದೊಡ್ಡದಾಗಿರಲಿ. ಎಲ್ಲರೂ ನೋಡೋದು ಮೊಬೈಲ್‌ನಲ್ಲೇ.

ದೃಶ್ಯ 1. ಟೈಲರಿಂಗ್ ಅಂಗಡಿ (0:00–1:10)

(ಹಿಂದೆ ಹೊಲಿಗೆ ಮಷೀನ್, ಗೋಡೆಯಲ್ಲಿ ನೂಲಿನ ರೀಲುಗಳು. ಮಷೀನಿನ ಸದ್ದು ಎರಡು ಸೆಕೆಂಡ್ ಕೇಳಿಸಲಿ, ಆಮೇಲೆ ನಿಲ್ಲಲಿ. ಮ್ಯೂಸಿಕ್ ಬೇಡ.)

ಮಾತು: ನಮಸ್ಕಾರ. ಈ ಅಂಗಡಿ ನಡೆಸುವ ಅಕ್ಕನಿಗೆ ಒಂದು ಪವರ್ ಮಷೀನ್, ಒಂದು ಓವರ್‌ಲಾಕ್ ಮಷೀನ್ ಬೇಕು. ಎರಡೂ ಸೇರಿ 60,000 ರೂಪಾಯಿ. ಎರಡು ವರ್ಷದಲ್ಲಿ ತೀರಿಸ್ತೀನಿ ಅಂತಾರೆ. ಇಬ್ಬರು ಸಾಲ ಕೊಡೋಕೆ ಮುಂದೆ ಬಂದಿದ್ದಾರೆ. ಒಬ್ಬರು ಹೇಳಿದ್ದು, "10 ಪರ್ಸೆಂಟ್ ಬಡ್ಡಿ ಅಷ್ಟೇ ಅಕ್ಕ, ಫ್ಲ್ಯಾಟ್." ಇನ್ನೊಬ್ಬರು ಹೇಳಿದ್ದು, "16 ಪರ್ಸೆಂಟ್, ಬಾಕಿ ಮೇಲೆ." ನೀವಾಗಿದ್ರೆ ಯಾವುದು ತಗೋತಿದ್ರಿ?

ಪರದೆ ಮೇಲೆ:
60,000 ರೂ. | 24 ತಿಂಗಳು
ಅ) 10% ಫ್ಲ್ಯಾಟ್
ಆ) 16% ಬಾಕಿ ಮೇಲೆ

(5 ಸೆಕೆಂಡ್ ಮೌನ. ನೋಡುವವರು ಮನಸ್ಸಿನಲ್ಲೇ ಒಂದನ್ನು ಆರಿಸಲಿ.)

ಮಾತು: ಹತ್ತು ಅಂದ್ರಾ? ಅಕ್ಕನೂ ಹಾಗೇ ಅಂದ್ರು. ನಾನೂ ಹಿಂದೊಮ್ಮೆ ಹಾಗೇ ಅಂದುಕೊಂಡು ಗಾಡಿ ಸಾಲ ತಗೊಂಡಿದ್ದೆ. ಇಲ್ಲಿ ಅಗ್ಗದ ಸಾಲ ಹದಿನಾರರದ್ದು. ಯಾಕೆ ಅಂತ ಈಗ ನೋಡೋಣ. ಪಾಠ ಮುಗಿಯೋ ಹೊತ್ತಿಗೆ ಇಂಥ ಲೆಕ್ಕವನ್ನು ನೀವೇ ಮೊಬೈಲ್‌ನಲ್ಲಿ ಮಾಡ್ತೀರಿ.

ಪರದೆ ಮೇಲೆ: ಇವತ್ತಿನ ಗುರಿ: ಕಂತು ನೋಡಿ ನಿಜವಾದ ಬಡ್ಡಿ ಕಂಡುಹಿಡಿಯೋದು

ದೃಶ್ಯ 2. ತಟ್ಟೆ ಮತ್ತು ಹನ್ನೆರಡು ಗುಂಡಿ (1:10–4:20)

(ಕ್ಯಾಮೆರಾ ಮೇಲಿನಿಂದ. ಸ್ಟೀಲ್ ತಟ್ಟೆಯಲ್ಲಿ ಶರ್ಟಿನ 12 ದೊಡ್ಡ ಗುಂಡಿಗಳು. ಇಡೀ ಪಾಠದ ಜೀವ ಈ ದೃಶ್ಯದಲ್ಲೇ ಇದೆ. ಅವಸರ ಬೇಡ, ಕತ್ತರಿಸಬೇಡಿ.)

ಮಾತು: 60,000 ಸ್ವಲ್ಪ ಹೊತ್ತು ಪಕ್ಕಕ್ಕಿರಲಿ. ಚಿಕ್ಕ ಲೆಕ್ಕದಿಂದ ಶುರು ಮಾಡೋಣ. ಸಂಘದಿಂದ 12,000 ರೂಪಾಯಿ ಸಾಲ ತಗೊಂಡಿದ್ದೀರಿ. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ. ವರ್ಷಕ್ಕೆ ಹನ್ನೆರಡು ಪರ್ಸೆಂಟ್ ಆಯ್ತು. ಪ್ರತಿ ತಿಂಗಳು ಅಸಲಿನಲ್ಲಿ 1,000 ಕಟ್ತೀರಿ. ಈ ತಟ್ಟೆಯಲ್ಲಿರೋ ಒಂದೊಂದು ಗುಂಡಿ ಒಂದೊಂದು ಸಾವಿರ. ತಟ್ಟೆಯಲ್ಲಿ ಎಷ್ಟು ಗುಂಡಿ ಇದೆಯೋ ಅಷ್ಟು ಸಾಲ ನಿಮ್ಮ ತಲೆ ಮೇಲಿದೆ.

ಮೊದಲು ಬಾಕಿ ಮೇಲಿನ ಬಡ್ಡಿ ನೋಡೋಣ. ಮೊದಲ ತಿಂಗಳು ಹನ್ನೆರಡೂ ಗುಂಡಿ ಇವೆ. 12,000ಕ್ಕೆ ಬಡ್ಡಿ 120. ಕಟ್ಟಿದಿರಿ. ಒಂದು ಗುಂಡಿ ತೆಗೀತೀನಿ.

(ಗುಂಡಿ ತೆಗೆಯುವ ಸದ್ದು ಸ್ಪಷ್ಟವಾಗಿ ಕೇಳಲಿ.)

ಎರಡನೇ ತಿಂಗಳು ತಟ್ಟೆಯಲ್ಲಿ ಉಳಿದಿದ್ದು ಹನ್ನೊಂದು. ಬಡ್ಡಿ 110. ಇನ್ನೊಂದು ತೆಗೀತೀನಿ. ಮೂರನೇ ತಿಂಗಳು 100. ಹೀಗೇ ಇಳಿಯುತ್ತಾ ಹೋಗಿ, ಕೊನೆ ತಿಂಗಳು ಒಂದೇ ಗುಂಡಿ. ಬಡ್ಡಿ ಹತ್ತೇ ರೂಪಾಯಿ.

ಪರದೆ ಮೇಲೆ (ಒಂದೊಂದಾಗಿ ಬರಲಿ):
120 + 110 + 100 + 90 + 80 + 70 + 60 + 50 + 40 + 30 + 20 + 10
ಒಟ್ಟು ಬಡ್ಡಿ = 780 ರೂ.

ಮಾತು: ಈಗ ಫ್ಲ್ಯಾಟ್. ದರ ಅದೇ, ನೂರಕ್ಕೆ ಒಂದು. ಗುಂಡಿಗಳನ್ನೆಲ್ಲ ವಾಪಸ್ ಇಡ್ತೀನಿ. ಮೊದಲ ತಿಂಗಳ ಬಡ್ಡಿ 120. ಇಲ್ಲಿವರೆಗೆ ತಕರಾರಿಲ್ಲ. ಗುಂಡಿ ತೆಗೆದೆ. ಎರಡನೇ ತಿಂಗಳು ಎಷ್ಟು? ಮತ್ತೆ 120. ಯಾಕಂದ್ರೆ ಫ್ಲ್ಯಾಟ್‌ನಲ್ಲಿ ತಟ್ಟೆಯಲ್ಲಿ ಎಷ್ಟು ಗುಂಡಿ ಉಳಿದಿದೆ ಅಂತ ಯಾರೂ ನೋಡಲ್ಲ. ಮೊದಲ ದಿನ ಎಷ್ಟಿತ್ತೋ ಅದರ ಮೇಲೇ ಕೊನೆವರೆಗೂ ಬಡ್ಡಿ.

(ಹನ್ನೊಂದು ಗುಂಡಿ ತೆಗೆದು, ಒಂದನ್ನು ಮಾತ್ರ ತಟ್ಟೆಯ ನಡುವೆ ಬಿಡುವುದು.)

ಕೊನೆ ತಿಂಗಳಿಗೆ ಬಂದ್ವಿ. ನಿಮ್ಮ ಹತ್ರ ಇರೋ ಸಾಲ ಬರೀ ಒಂದು ಸಾವಿರ. ಅದಕ್ಕೆ ಆ ತಿಂಗಳು ಕಟ್ಟೋ ಬಡ್ಡಿ 120. ಅಂದ್ರೆ ಆ ತಿಂಗಳಿಗೆ ನೂರಕ್ಕೆ ಹನ್ನೆರಡು ಬಿತ್ತು! ಊರಲ್ಲಿ ನೂರಕ್ಕೆ ಐದು ಅಂದ್ರೆ "ಮೀಟರ್ ಬಡ್ಡಿ" ಅಂತ ಬೈತೀವಿ, ಅಲ್ವಾ? ಇಲ್ಲಿ ಹನ್ನೆರಡು ಕೊಟ್ಟರೂ ಗೊತ್ತೇ ಆಗಲ್ಲ. ಕಂತು ಪ್ರತಿ ತಿಂಗಳೂ ಒಂದೇ ಇರುತ್ತಲ್ಲ, ಒಳಗೆ ಏನಾಗ್ತಿದೆ ಅಂತ ಕಾಣಲ್ಲ.

ಪರದೆ ಮೇಲೆ:
ಫ್ಲ್ಯಾಟ್: 120 × 12 = 1,440 ರೂ.
ಬಾಕಿ ಮೇಲೆ: 780 ರೂ.
ದರ ಎರಡಕ್ಕೂ ಒಂದೇ: ನೂರಕ್ಕೆ 1

ಮಾತು: ಫ್ಲ್ಯಾಟ್ ಅಂದ್ರೆ ಮೋಸ ಅಂತ ನಾನು ಹೇಳ್ತಿಲ್ಲ. ಅದು ಲೆಕ್ಕ ಹಾಕೋ ಒಂದು ರೀತಿ. ಆದರೆ ಒಂದರ ದರವನ್ನು ಇನ್ನೊಂದರ ದರದ ಪಕ್ಕ ಇಟ್ಟು ಹೋಲಿಸಿದ್ರೆ ನಾವು ಬೇಸ್ತು ಬೀಳ್ತೀವಿ. ಒಂದನ್ನು ಸೇರಿನಲ್ಲಿ, ಇನ್ನೊಂದನ್ನು ಕೆಜಿಯಲ್ಲಿ ಅಳೆದು ಬೆಲೆ ಹೋಲಿಸಿದ ಹಾಗೆ.

ದೃಶ್ಯ 3. ಮೊಬೈಲ್ ಪರದೆ (4:20–6:50)

(ಸ್ಕ್ರೀನ್ ರೆಕಾರ್ಡಿಂಗ್. ಬೆರಳು ಎಲ್ಲಿ ಒತ್ತುತ್ತಿದೆ ಅಂತ ತೋರಿಸುವ ಚುಕ್ಕೆ ಆನ್ ಇರಲಿ.)

ಮಾತು: ಈಗ ಅಕ್ಕನ 60,000ಕ್ಕೆ ವಾಪಸ್ ಬರೋಣ. ಫ್ಲ್ಯಾಟ್ ಸಾಲದ ಕಂತು ಬಾಯಲ್ಲೇ ಲೆಕ್ಕ ಹಾಕಬಹುದು. 60,000ಕ್ಕೆ ಹತ್ತು ಪರ್ಸೆಂಟ್ 6,000. ಎರಡು ವರ್ಷಕ್ಕೆ 12,000. ಒಟ್ಟು 72,000. ಅದನ್ನು 24ರಿಂದ ಭಾಗಿಸಿದರೆ ಕಂತು 3,000.

ಇನ್ನೊಬ್ಬರ ಕಂತಿಗೆ ಗೂಗಲ್ ಶೀಟ್ಸ್ ತೆರೆಯಿರಿ. ಖಾಲಿ ಚೌಕದಲ್ಲಿ ಹೀಗೆ ಟೈಪ್ ಮಾಡಿ.

ಪರದೆ ಮೇಲೆ:
```
=PMT(16%/12, 24, -60000)
```

ಮಾತು: ಮೊದಲನೆಯದು ತಿಂಗಳ ಬಡ್ಡಿ, ಅದಕ್ಕೇ ಹದಿನಾರನ್ನು ಹನ್ನೆರಡರಿಂದ ಭಾಗಿಸಿದ್ದು. ಎರಡನೆಯದು ತಿಂಗಳುಗಳು. ಮೂರನೆಯದು ಸಾಲ. ಸಾಲದ ಮುಂದೆ ಮೈನಸ್ ಚಿಹ್ನೆ ಮರೀಬೇಡಿ, ಮರೆತರೆ ಕಂತೇ ಮೈನಸ್‌ನಲ್ಲಿ ಬರುತ್ತೆ. ಕಂತು ಎಷ್ಟು ಬಂತು? 2,937 ರೂಪಾಯಿ 79 ಪೈಸೆ. 24 ತಿಂಗಳಿಗೆ ಒಟ್ಟು ಬಡ್ಡಿ ಸುಮಾರು 10,507. ಹತ್ತು ಪರ್ಸೆಂಟ್‌ನವರ ಬಡ್ಡಿ 12,000. ಹದಿನಾರರದ್ದು ಅಗ್ಗ ಅಂದೆನಲ್ಲ, ಅದು ಇದಕ್ಕೇ. ಉಳಿತಾಯ 1,493 ರೂಪಾಯಿ.

ಪರದೆ ಮೇಲೆ:
10% ಫ್ಲ್ಯಾಟ್: ಕಂತು 3,000, ಬಡ್ಡಿ 12,000
16% ಬಾಕಿ ಮೇಲೆ: ಕಂತು 2,938, ಬಡ್ಡಿ 10,507

ಮಾತು: ಇನ್ನು ಮುಖ್ಯವಾದ ಸೂತ್ರ. ಇದೊಂದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಸಾಲ ಕೊಡುವವರು ಫ್ಲ್ಯಾಟ್ ಅನ್ನಲಿ, ಇನ್ನೇನೇ ಅನ್ನಲಿ, ನೀವು ಕೇಳಬೇಕಾದ್ದು ಕಂತು ಎಷ್ಟು, ಎಷ್ಟು ತಿಂಗಳು ಅಂತ ಮಾತ್ರ.

ಪರದೆ ಮೇಲೆ (ಹಳದಿ ಚೌಕಟ್ಟಿನಲ್ಲಿ, 10 ಸೆಕೆಂಡ್):
```
=RATE(24, -3000, 60000)*12
```
ತಿಂಗಳು, ಮೈನಸ್ ಕಂತು, ಸಾಲ

ಮಾತು: ಇಲ್ಲಿ ಮೈನಸ್ ಕಂತಿನ ಮುಂದೆ ಬಂತು, ಗಮನಿಸಿದ್ರಾ? ಸಾಲ ಕೈಗೆ ಬರೋ ದುಡ್ಡು, ಕಂತು ಕೈಯಿಂದ ಹೋಗೋ ದುಡ್ಡು. ಉತ್ತರ 0.18 ಅಂತ ಕಂಡರೆ ಮೇಲಿರೋ % ಬಟನ್ ಒತ್ತಿ. 18.16%. "ಹತ್ತೇ ಪರ್ಸೆಂಟ್ ಅಕ್ಕ" ಅಂದಿದ್ದು ಬಾಕಿ ಮೇಲಿನ ಲೆಕ್ಕದಲ್ಲಿ ಹದಿನೆಂಟು ದಾಟಿತು.

ದೃಶ್ಯ 4. ಮತ್ತೆ ಅಂಗಡಿ (6:50–7:50)

ಮಾತು: ಒಂದು ಮಾತು ಬಿಟ್ಟುಹೋಗಬಾರದು, ಫೀಸು. ಪ್ರೊಸೆಸಿಂಗ್ ಫೀ ಅಂತ 1,200 ಹಿಡಿದುಕೊಂಡು 58,800 ಕೈಗೆ ಕೊಟ್ಟರು ಅಂದುಕೊಳ್ಳಿ. ಕಂತು ಮಾತ್ರ ಅದೇ 3,000. ಸೂತ್ರದಲ್ಲಿ 60000 ತೆಗೆದು 58800 ಹಾಕಿ ನೋಡಿ. ಬಡ್ಡಿ 20% ದಾಟುತ್ತೆ. ಅದಕ್ಕೇ ಯಾವಾಗಲೂ ಕೈಗೆ ಬಂದ ದುಡ್ಡನ್ನೇ ಹಾಕಬೇಕು, ಕಾಗದದ ಮೇಲಿನ ಮೊತ್ತ ಅಲ್ಲ.

ಇನ್ನೊಂದು ಒಳ್ಳೆ ಸುದ್ದಿ ಇದೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಹೊಸ ರಿಟೇಲ್ ಸಾಲಕ್ಕೂ ಸಣ್ಣ ಉದ್ಯಮದ ಸಾಲಕ್ಕೂ "ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್" ಅನ್ನೋ ಹಾಳೆ ಕೊಡಬೇಕು. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಕನ್ನಡದಲ್ಲಿ ಕೊಡಿ ಅಂತ ಧೈರ್ಯವಾಗಿ ಕೇಳಿ. ಅದರಲ್ಲಿ ಎಪಿಆರ್ ಅನ್ನೋ ಸಾಲು ಹುಡುಕಿ. ಫೀಸೂ ಸೇರಿದ ವಾರ್ಷಿಕ ದರ ಅದು. ಎರಡು ಸಾಲ ಹೋಲಿಸೋವಾಗ ಎಪಿಆರ್ ಪಕ್ಕ ಎಪಿಆರ್ ಇಡಿ. ಕೈಬದಲು, ಬೀದಿ ಬಡ್ಡಿ ವ್ಯವಹಾರದಲ್ಲಿ ಈ ಹಾಳೆ ಸಿಗಲ್ಲ, ಅಲ್ಲಿ ಸೂತ್ರವೇ ಗತಿ.

ಪರದೆ ಮೇಲೆ: ಕೇಳಿ: ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ | ನೋಡಿ: ಎಪಿಆರ್

ದೃಶ್ಯ 5. ನಿಮ್ಮ ಸರದಿ (7:50–9:00)

ಮಾತು: ಈಗ ನೀವು ಮಾಡಿ. 24,000 ಸಾಲ, ಒಂದು ವರ್ಷ. ಒಬ್ಬರು ನೂರಕ್ಕೆ ಒಂದೂವರೆ, ಫ್ಲ್ಯಾಟ್ ಅಂತಾರೆ. ಕಂತು 2,360. ಇನ್ನೊಬ್ಬರು ನೂರಕ್ಕೆ ಎರಡು, ಬಾಕಿ ಮೇಲೆ ಅಂತಾರೆ. ಯಾವುದು ಅಗ್ಗ? ವಿಡಿಯೋ ನಿಲ್ಲಿಸಿ, ಲೆಕ್ಕ ಹಾಕಿ.

(ಪರದೆ ಮೇಲೆ ಪ್ರಶ್ನೆ ಮಾತ್ರ. 8 ಸೆಕೆಂಡ್. ಗಡಿಯಾರದ ಟಿಕ್ ಟಿಕ್ ಸದ್ದು ಹಾಕಬೇಡಿ. ಸುಮ್ನೆ ಪರೀಕ್ಷೆ ಹಾಲ್ ನೆನಪಾಗುತ್ತೆ.)

ಪರದೆ ಮೇಲೆ:
```
=RATE(12, -2360, 24000)*12
=PMT(2%, 12, -24000)
```
ಫ್ಲ್ಯಾಟ್: ನಿಜವಾದ ದರ ಸುಮಾರು 31.7%
ಬಾಕಿ ಮೇಲೆ: 24%, ಕಂತು 2,269

ಮಾತು: ನೂರಕ್ಕೆ ಎರಡರದ್ದೇ ಅಗ್ಗ. ಕಂತಿನಲ್ಲಿ ತಿಂಗಳಿಗೆ ಸುಮಾರು 91 ರೂಪಾಯಿ ಉಳೀತು. ಎರಡನೇ ಸೂತ್ರದಲ್ಲಿ 2% ಅನ್ನು ಹನ್ನೆರಡರಿಂದ ಭಾಗಿಸಿದವರು ಒಂದು ಸಲ ಹಿಂದೆ ಹೋಗಿ ನೋಡಿ. ಅದು ಆಗಲೇ ತಿಂಗಳ ಬಡ್ಡಿ, ಮತ್ತೆ ಭಾಗಿಸಬಾರದು. ಈ ತಪ್ಪು ಎಲ್ಲರೂ ಮಾಡ್ತಾರೆ.

ಮುಂದಿನ ಪಾಠಕ್ಕೆ ಬರೋ ಮೊದಲು ಮನೆಯಲ್ಲಿರೋ ಒಂದು ಸಾಲದ ಪಾಸ್‌ಬುಕ್ ಅಥವಾ ಕಾರ್ಡ್ ತೆಗೆದು, ಕೈಗೆ ಬಂದ ಮೊತ್ತ, ಕಂತು, ತಿಂಗಳು ಮೂರನ್ನೂ ಸೂತ್ರಕ್ಕೆ ಹಾಕಿ ನೋಡಿ. ಬಂದ ಅಂಕಿಯನ್ನು ಆ ಕಾರ್ಡಿನ ಹಿಂದೆಯೇ ಪೆನ್ಸಿಲ್‌ನಲ್ಲಿ ಬರೆದಿಡಿ. ಪಾಠ 5ರಲ್ಲಿ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಎಷ್ಟು ಉಳಿಯುತ್ತೆ ಅಂತ ನೋಡ್ತೀವಿ. ಆ ಕಾರ್ಡ್ ಆಗ ಬೇಕಾಗುತ್ತೆ.

(ಮಷೀನಿನ ಸದ್ದು ಮತ್ತೆ ಶುರು. ತಟ್ಟೆಯಲ್ಲಿ ಒಂದೇ ಗುಂಡಿ. ಮುಕ್ತಾಯ.)