ಪ್ರಮಾಣಪತ್ರದ ದೃಢೀಕೃತ ಕನ್ನಡ ಅನುವಾದ

(ಮೂಲ: ಇಂಗ್ಲಿಷ್, 2 ಪುಟ. ಚೌಕ ಆವರಣದಲ್ಲಿರುವ ಮಾತುಗಳು ಅನುವಾದಕನವು, ಮೂಲದಲ್ಲಿಲ್ಲ.)

ಶಿರಸಿಯ ಮಾನ್ಯ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯದಲ್ಲಿ

ಮೂಲ ದಾವೆ ಸಂಖ್ಯೆ 118/2023
ಮಧ್ಯಂತರ ಅರ್ಜಿ ಸಂಖ್ಯೆ 3

ವಾದಿ: ಸುಮನಾ ಭಟ್
ಪ್ರತಿವಾದಿ: ಶ್ರೀಪಾದ ಹೆಗಡೆ

ಪ್ರಮಾಣಪತ್ರ

ದಿವಂಗತ ಮಂಜುನಾಥ ಹೆಗಡೆಯವರ ಮಗಳಾದ, ~~57~~ 58 ವರ್ಷ ವಯಸ್ಸಿನ, ಮುಂಬಯಿಯ ಮಾಟುಂಗಾ ನಿವಾಸಿ ಸುಮನಾ ಭಟ್ ಆದ ನಾನು ಸತ್ಯವಾಗಿ ಪ್ರಮಾಣಮಾಡಿ ಹೇಳುವುದೇನೆಂದರೆ: [ಮೂಲದಲ್ಲಿ ‘57’ ಎಂಬ ಬೆರಳಚ್ಚನ್ನು ಪೆನ್ನಿನಿಂದ ಹೊಡೆದು, ಮೇಲೆ ‘58’ ಎಂದು ಬರೆದಿದೆ. ಪಕ್ಕದಲ್ಲಿ ‘ಎಸ್.ಬಿ.’ ಎಂಬ ಚುಟುಕು ಸಹಿ ಇದೆ. ನೋಟರಿಯ ಚುಟುಕು ಸಹಿ ಇಲ್ಲ.]

1. ನಾನು ಈ ದಾವೆಯ ವಾದಿ. ಪ್ರಕರಣದ ಸಂಗತಿಗಳು ನನಗೆ ತಿಳಿದಿವೆ. ಪ್ರತಿವಾದಿಯು ನನ್ನ ತಂದೆಯ ತಮ್ಮ.

2. ಶಿರಸಿ ತಾಲ್ಲೂಕಿನ ಹುಲೇಕಲ್ ಗ್ರಾಮದ ಸರ್ವೆ ನಂಬರ್ 47/2ರ 1 ಎಕರೆ 12 ಗುಂಟೆ ಅಡಿಕೆ ತೋಟ ಮತ್ತು ಅದಕ್ಕೆ ಹೊಂದಿದ ಬೆಟ್ಟವು ನನ್ನ ಅಜ್ಜನಿಂದ ಬಂದ ಅವಿಭಕ್ತ ಆಸ್ತಿ. ನನ್ನ ತಂದೆ 2011ರಲ್ಲಿ ತೀರಿಕೊಂಡರು. ಇಂದಿನವರೆಗೂ ಅಳತೆ ಮಾಡಿ ಪಾಲಾಗಿಲ್ಲ.

3. ಚಿಕ್ಕಪ್ಪ ಪ್ರತಿವರ್ಷವೂ ಫಸಲು ಕೊಯ್ದು ಮಾರುತ್ತಾರೆ, ಲೆಕ್ಕ ಕೊಡುವುದಿಲ್ಲ. ತೋಟವನ್ನು ಮೂರನೆಯವರಿಗೆ ಮಾರಲು ಮಾತುಕತೆ ನಡೆಸಿದ್ದಾರೆಂದು ನನಗೆ ತಿಳಿದುಬಂದಿದೆ.

4. ಆದುದರಿಂದ, ದಾವೆ ಇತ್ಯರ್ಥವಾಗುವವರೆಗೆ ಸರ್ವೆ ನಂಬರ್ 42/7ನ್ನು ಪ್ರತಿವಾದಿಯು ಪರಭಾರೆ ಮಾಡದಂತೆ ತಾತ್ಕಾಲಿಕ ನಿರ್ಬಂಧಕಾಜ್ಞೆ ನೀಡಬೇಕೆಂದು ಪ್ರಾರ್ಥಿಸುತ್ತೇನೆ. [2ನೇ ಪರಿಚ್ಛೇದದಲ್ಲಿ 47/2, ಇಲ್ಲಿ 42/7. ಎರಡೂ ಮೂಲದಲ್ಲಿರುವಂತೆಯೇ ಇವೆ.]

ದೃಢೀಕರಣ: ಮೇಲಿನ 1ರಿಂದ 4ರವರೆಗಿನ ಪರಿಚ್ಛೇದಗಳು ನನ್ನ ತಿಳಿವಳಿಕೆ ಮತ್ತು ನಂಬಿಕೆಯ ಮಟ್ಟಿಗೆ ಸತ್ಯ. ಏನನ್ನೂ ಮುಚ್ಚಿಟ್ಟಿಲ್ಲ. ಮುಂಬಯಿ, 18 ಮಾರ್ಚ್ 2025.

[ನೀಲಿ ಶಾಯಿಯ ಸಹಿ: ಸುಮನಾ ಭಟ್]
ಪ್ರಮಾಣ ಮಾಡಿದವರು

ನನ್ನ ಸಮಕ್ಷಮ ಪ್ರಮಾಣಮಾಡಿ ಸಹಿ ಹಾಕಿದ್ದಾರೆ. [ನೋಟರಿಯ ಸಹಿ, ಅಕ್ಷರ ಗುರುತಾಗುವುದಿಲ್ಲ]
ನೋಟರಿ ರಿಜಿಸ್ಟರ್ ಕ್ರಮ ಸಂಖ್ಯೆ 412/2025 [ಕೈಬರಹ]

[2ನೇ ಪುಟದ ಕೆಳಗೆ ಎಡಕ್ಕೆ ನೇರಳೆ ಶಾಯಿಯ ದುಂಡು ಮೊಹರು. ಅಂಚಿನ ಬರಹ: ‘ನೋಟರಿ, ಭಾರತ ಸರ್ಕಾರ, ಬೃಹನ್ಮುಂಬಯಿ’. ನಡುವೆ: ‘ವಿ. ಎಂ. ಕುಲಕರ್ಣಿ, ವಕೀಲರು, ನೋಂದಣಿ ಸಂಖ್ಯೆ 86’. ಮುಂದಿನ ಅಂಕಿಗಳು ಮಸುಕಾಗಿವೆ.]
[ಬಲಕ್ಕೆ ಅಂಟಿಸಿದ ನೋಟರಿ ಸ್ಟಾಂಪು ಒಂದು. ಮೊಹರು ಅದರ ಮೇಲೆ ಬಿದ್ದಿರುವುದರಿಂದ ಮುಖಬೆಲೆ ಓದಲಾಗುವುದಿಲ್ಲ.]
[1ನೇ ಪುಟದ ಬಲ ಅಂಚಿನಲ್ಲಿ ಅದೇ ಮೊಹರಿನ ಅರ್ಧ ಭಾಗ. ಬೇರೆ ಮೊಹರು, ಮುದ್ರೆ ಇಲ್ಲ. ಎರಡೂ ಹಾಳೆಗಳ ಹಿಂಬದಿ ಖಾಲಿ.]

ಅನುವಾದಕನ ದೃಢೀಕರಣ ಹೇಳಿಕೆ

ಶಿರಸಿಯ ನಿವಾಸಿಯಾದ ಗಣಪತಿ ಶಾನಭಾಗ ಎಂಬ ನಾನು, ಇಂಗ್ಲಿಷ್ ಮತ್ತು ಕನ್ನಡ ಎರಡನ್ನೂ ಚೆನ್ನಾಗಿ ಓದಬಲ್ಲೆ, ಬರೆಯಬಲ್ಲೆ. ವಾದಿಯ ಪರ ವಕೀಲರು ನನಗೆ ತೋರಿಸಿದ ಅಸಲು ಪ್ರಮಾಣಪತ್ರವನ್ನೇ ಎದುರಿಗಿಟ್ಟುಕೊಂಡು ಇದನ್ನು ಅನುವಾದಿಸಿದ್ದೇನೆ, ನಕಲು ಪ್ರತಿಯಿಂದಲ್ಲ. ಇದು ಮೂಲದ ಪೂರ್ಣ ಮತ್ತು ಯಥಾವತ್ತಾದ ಅನುವಾದ. ಏನನ್ನೂ ಸೇರಿಸಿಲ್ಲ, ಬಿಟ್ಟಿಲ್ಲ, ತಿದ್ದಿಲ್ಲ.

ಮೂರು ವಿಷಯಗಳನ್ನು ನ್ಯಾಯಾಲಯದ ಗಮನಕ್ಕೆ ತರುವುದು ನನ್ನ ಕರ್ತವ್ಯ. ಸರ್ವೆ ನಂಬರಿನ ವ್ಯತ್ಯಾಸ ಕಣ್ತಪ್ಪಿರಬಹುದು, ಎರಡು ಬೇರೆ ಜಮೀನುಗಳೂ ಆಗಿರಬಹುದು. ಪ್ರಮಾಣ ಮಾಡಿದವರು ಸಹಿ ಹಾಕಿದ ಅಂಕಿಯನ್ನು ಬದಲಿಸುವ ಅಧಿಕಾರ ಅನುವಾದಕನಿಗಿಲ್ಲ. ತಿದ್ದಬೇಕಿದ್ದರೆ ಅವರೇ ತಿದ್ದಬೇಕು. ಇದನ್ನು ವಕೀಲರಿಗೂ ಬರವಣಿಗೆಯಲ್ಲಿ ತಿಳಿಸಿದ್ದೇನೆ.

ಎರಡನೆಯದು, 3ನೇ ಪರಿಚ್ಛೇದದ ಮೂಲದಲ್ಲಿರುವುದು ‘ಅಂಕಲ್’ ಎಂಬ ಪದ. ಕನ್ನಡದಲ್ಲಿ ಅದು ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಯಾರೂ ಆಗಬಹುದು, ಮತ್ತು ಪಾಲಿನ ದಾವೆಯಲ್ಲಿ ಈ ಭೇದ ಸಣ್ಣದಲ್ಲ. 1ನೇ ಪರಿಚ್ಛೇದವು ‘ತಂದೆಯ ತಮ್ಮ’ ಎಂದು ಸ್ಪಷ್ಟವಾಗಿ ಹೇಳಿರುವುದರಿಂದಲೇ ‘ಚಿಕ್ಕಪ್ಪ’ ಎಂದು ಬರೆದಿದ್ದೇನೆ.

ಕೊನೆಯದಾಗಿ, ‘ಬೆಟ್ಟ’ ಎಂಬುದು ಮೂಲದಲ್ಲೇ ರೋಮನ್ ಅಕ್ಷರಗಳಲ್ಲಿರುವ ಕನ್ನಡ ಪದ. ಉತ್ತರ ಕನ್ನಡದಲ್ಲಿ ಇದು ತೋಟಕ್ಕೆ ಸೊಪ್ಪು ತರುವ ಹಕ್ಕಿನ ಜಾಗ. ‘ಗುಡ್ಡ’ ಎಂದು ಬದಲಿಸಿದರೆ ಅರ್ಥ ಕೆಡುತ್ತದೆ.

ಮೊಹರಿನ ಮಸುಕಾದ ಅಂಕಿಗಳನ್ನು ಊಹಿಸಿ ತುಂಬಿಲ್ಲ. ಪ್ರಮಾಣಪತ್ರದಲ್ಲಿರುವ ಸಂಗತಿಗಳ ಸತ್ಯಾಸತ್ಯತೆಗಾಗಲಿ, ಮೊಹರು ಮತ್ತು ಸಹಿಗಳ ನೈಜತೆಗಾಗಲಿ ನಾನು ಸಾಕ್ಷಿಯಲ್ಲ. ಉಭಯ ಪಕ್ಷಕಾರರಲ್ಲಿ ಯಾರೊಂದಿಗೂ ನನಗೆ ನೆಂಟಸ್ತಿಕೆಯಾಗಲಿ ವ್ಯವಹಾರವಾಗಲಿ ಇಲ್ಲ. ಅನುವಾದದ ನಿಖರತೆಗೆ ನಾನೇ ಹೊಣೆ. ನ್ಯಾಯಾಲಯ ಕರೆದರೆ ಹಾಜರಾಗಿ ವಿವರಿಸುತ್ತೇನೆ.

ಅನುವಾದದ ಪ್ರತಿ ಪುಟಕ್ಕೂ ಸಹಿ ಹಾಕಿ, ಅಸಲಿನ ನೆರಳಚ್ಚು ಪ್ರತಿಯೊಂದಿಗೆ ದಾರದಿಂದ ಹೊಲಿದು, ಗಂಟಿನ ಮೇಲೆ ಮತ್ತು ಹಾಳೆಗಳು ಕೂಡುವಲ್ಲಿ ನನ್ನ ಮೊಹರು ಒತ್ತಿದ್ದೇನೆ. ಅಸಲಿನ ಮೇಲೆ ಯಾವ ಗುರುತನ್ನೂ ಮಾಡದೆ ವಕೀಲರಿಗೆ ಹಿಂದಿರುಗಿಸಿದ್ದೇನೆ.

ಸ್ಥಳ: ಶಿರಸಿ
ದಿನಾಂಕ: 24 ಮಾರ್ಚ್ 2025

(ಸಹಿ) ಗಣಪತಿ ಶಾನಭಾಗ
ಅನುವಾದಕ
(ಮೊಹರು: ‘ಗಣಪತಿ ಶಾನಭಾಗ, ಅನುವಾದಕ, ಇಂಗ್ಲಿಷ್–ಕನ್ನಡ, ಶಿರಸಿ’)