ವಿಷಯ: ಆಫರ್ ಒಪ್ಪುವ ಮುನ್ನ ಸ್ಥಳಾಂತರದ ನೆರವು, ರಿಮೋಟ್ ಕೆಲಸ ಮತ್ತು ಕೆಲಸದ ಜಾಗದ ಬಗ್ಗೆ ಕೇಳಬೇಕಾದದ್ದು

ಸುಮಾ ಮೇಡಂ, ನಮಸ್ಕಾರ.

ಮಂಗಳವಾರ ನೀವು ಕಳಿಸಿದ ಆಫರ್ ಲೆಟರ್ ಪೂರ್ತಿ ಓದಿದೆ. ಸಂಬಳ, ಹುದ್ದೆ, ಯಾರಿಗೆ ರಿಪೋರ್ಟ್ ಮಾಡಬೇಕು ಎನ್ನುವುದರಲ್ಲಿ ನನ್ನ ತಕರಾರು ಏನೂ ಇಲ್ಲ, ಅಷ್ಟಕ್ಕೆ ಒಪ್ಪಿಗೆ ಇದೆ ಎಂದೇ ತಿಳಿದುಕೊಳ್ಳಿ. ಉಪಕರಣಗಳನ್ನು ಪರೀಕ್ಷಿಸುವ ಒಂದು ತಂಡವನ್ನು ಬುಡದಿಂದ ಕಟ್ಟುವ ಅವಕಾಶ ಸುಲಭಕ್ಕೆ ಸಿಗುವುದಲ್ಲ. ಈ ಕೆಲಸ ನನಗೆ ನಿಜವಾಗಿ ಬೇಕು. ಸಹಿ ಹಾಕದೆ ತಡೆದಿರುವುದು ಒಂದೇ ಕಾರಣಕ್ಕೆ: ನಾನು ಎಲ್ಲಿದ್ದು ಕೆಲಸ ಮಾಡಬೇಕು, ಯಾವಾಗ ಅಲ್ಲಿಗೆ ಬರಬೇಕು, ಬರುವ ಖರ್ಚು ಯಾರದು ಎಂಬುದು ಪತ್ರದಲ್ಲಿ ಸ್ಪಷ್ಟವಾಗಿಲ್ಲ. ಉತ್ತರಕ್ಕೆ 14ನೇ ತಾರೀಕಿನವರೆಗೆ ಸಮಯ ಕೊಟ್ಟಿದ್ದೀರಿ. ಕೆಳಗಿನ ಪ್ರಶ್ನೆಗಳಿಗೆ 11ರೊಳಗೆ ಉತ್ತರ ಸಿಕ್ಕರೆ ಮನೆಯಲ್ಲಿ ಕೂತು ಮಾತಾಡಿ, ಗಡುವಿನೊಳಗೇ ನಿಮಗೆ ತಿಳಿಸುತ್ತೇನೆ.

ಮೊದಲು ಪತ್ರದ 7ನೇ ಅಂಶ. ಕೆಲಸದ ಸ್ಥಳ "ಸಂಸ್ಥೆಯ ಮುಖ್ಯ ಕಚೇರಿ ಅಥವಾ ಕಾಲಕಾಲಕ್ಕೆ ಸಂಸ್ಥೆ ಸೂಚಿಸುವ ಬೇರೆ ಯಾವುದೇ ಸ್ಥಳ" ಎಂದಿದೆ. ಎರಡನೇ ಸಂದರ್ಶನದಲ್ಲಿ ನಿಮ್ಮ ಮ್ಯಾನೇಜರ್ ಹೇಳಿದ್ದು ಬೇರೆ ಥರ ಇತ್ತು. ವಾರಕ್ಕೆ 3 ದಿನ ಕಚೇರಿ, ಉಳಿದ 2 ದಿನ ಮನೆಯಿಂದ, ಮೊದಲ ಕೆಲವು ತಿಂಗಳು "ಹೊಂದಿಸಿಕೊಳ್ಳಬಹುದು" ಎಂದರು. ಅವರ ಮಾತಿನ ಮೇಲೆ ನನಗೆ ಅನುಮಾನವಿಲ್ಲ. ಆದರೆ ಮ್ಯಾನೇಜರ್ ಬದಲಾಗುತ್ತಾರೆ, ತಂಡ ಒಡೆದು ಇನ್ನೊಂದು ವಿಭಾಗಕ್ಕೆ ಸೇರುತ್ತದೆ. ಆಗ ಲೆಕ್ಕಕ್ಕೆ ಬರುವುದು ಪತ್ರದಲ್ಲಿ ಬರೆದದ್ದು ಮಾತ್ರ. ಈಗಿರುವ ಪತ್ರದ ಪ್ರಕಾರ ನಾನು ಐದೂ ದಿನ ಕಚೇರಿಯಲ್ಲಿರಬೇಕು, ನಾಳೆ ಬೇರೆ ಊರಿಗೆ ಹೋಗು ಎಂದರೆ ಹೋಗಬೇಕು. ವಾರಕ್ಕೆ 3 ದಿನ ಎಂಬುದು ಇಡೀ ಸಂಸ್ಥೆಯ ನಿಯಮವೇ, ಆ ತಂಡದ ರೂಢಿಯೇ, ಅಥವಾ ಮ್ಯಾನೇಜರ್ ತಮ್ಮ ವಿವೇಚನೆಯಿಂದ ಕೊಡುವ ಸೌಲಭ್ಯವೇ? ಮೂರು ದಿನ ಯಾವುವು ಎಂದು ನಿಗದಿಯಾಗಿದೆಯೇ? ಪ್ರೊಬೇಷನ್ ಅವಧಿಗೆ ಬೇರೆ ನಿಯಮ ಇದೆಯೇ? ಕೊನೆಯದನ್ನು ವಿಶೇಷವಾಗಿ ಕೇಳುತ್ತಿದ್ದೇನೆ, ಯಾಕೆಂದರೆ ರಿಮೋಟ್ ಸೌಲಭ್ಯ ಪ್ರೊಬೇಷನ್ ಮುಗಿದ ಮೇಲಷ್ಟೇ ಎಂದು ಹಲವು ಕಡೆ ಇರುತ್ತದೆ. ನನಗೆ ಅದು ಬೇಕಾಗಿರುವುದೇ ಮೊದಲ ತಿಂಗಳುಗಳಲ್ಲಿ.

ನನ್ನ ಮನೆಯ ಪರಿಸ್ಥಿತಿ ಹೇಳಿಬಿಡುತ್ತೇನೆ, ತಾರೀಕುಗಳ ಲೆಕ್ಕ ನಿಮಗೆ ಸಿಗಲಿ ಎಂದು. ನಿಮ್ಮ ಕಚೇರಿಗೂ ನಾನಿರುವ ಊರಿಗೂ 600 ಕಿಲೋಮೀಟರ್ ಹತ್ತಿರ, ದಿನಾ ಓಡಾಡುವ ಮಾತೇ ಇಲ್ಲ. ಮಗಳು ಹತ್ತನೇ ತರಗತಿಯಲ್ಲಿದ್ದಾಳೆ, ಕೊನೆಯ ಪರೀಕ್ಷೆ ಏಪ್ರಿಲ್ ಮೊದಲ ವಾರಕ್ಕೆ ಮುಗಿಯುತ್ತದೆ. ಅತ್ತೆಯವರಿಗೆ ವಾರಕ್ಕೆ 3 ಸಲ ಡಯಾಲಿಸಿಸ್ ಆಗಬೇಕು. ಹೊಸ ಊರಿನ ಕೇಂದ್ರದಲ್ಲಿ ಅವರಿಗೆ ಜಾಗ ಖಾತ್ರಿಯಾಗದೆ ಮನೆ ಬದಲಿಸುವುದು ಸಾಧ್ಯವಿಲ್ಲ, ಒಂದು ಸರದಿ ತಪ್ಪಿದರೂ ದೇಹದಲ್ಲಿ ನೀರು ನಿಂತು ತೊಂದರೆಯಾಗುತ್ತದೆ. ಯಜಮಾನರು ವರ್ಗಾವಣೆಗೆ ಅರ್ಜಿ ಹಾಕಬಹುದು, ಅದಕ್ಕೂ ನನ್ನ ಹೊಸ ಕೆಲಸದ ಪತ್ರ ಕೈಯಲ್ಲಿರಬೇಕು. ಇದರಲ್ಲಿ ಯಾವುದೂ ನಾನು ಬರುವುದೇ ಇಲ್ಲ ಎನ್ನಲು ಕಾರಣವಲ್ಲ. ಏಪ್ರಿಲ್ ಕೊನೆಗೆ ನಾವೆಲ್ಲ ಅಲ್ಲಿಗೆ ಬಂದು ನೆಲೆಸುತ್ತೇವೆ.

ಆದ್ದರಿಂದ ನನ್ನ ಕಡೆಯಿಂದ ಒಂದು ಪ್ರಸ್ತಾಪ. ಈಗಿನ ಕೆಲಸದಲ್ಲಿ 60 ದಿನದ ನೋಟಿಸ್ ಪೀರಿಯಡ್ ಇದೆ, ಹಾಗಾಗಿ ಡಿಸೆಂಬರ್ ಮೂರನೇ ವಾರ ಸೇರಬಹುದು. ಸೇರಿದ ಮೊದಲ 2 ವಾರ ಕಚೇರಿಯಲ್ಲೇ ಇರುತ್ತೇನೆ, ತಂಡದವರ ಮುಖಪರಿಚಯವಾಗಬೇಕು, ಲ್ಯಾಬ್ ನೋಡಬೇಕು. ಅಲ್ಲಿಂದ ಏಪ್ರಿಲ್ ಕೊನೆಯವರೆಗೆ ತಿಂಗಳಿಗೆ 1 ವಾರ ಕಚೇರಿ, ಉಳಿದ ದಿನ ಮನೆಯಿಂದ. ಮೇ ತಿಂಗಳಿಂದ ಎಲ್ಲರಂತೆ ವಾರಕ್ಕೆ 3 ದಿನ. ಈ ಕೆಲಸದಲ್ಲಿ ಉಪಕರಣವನ್ನು ಕೈಯಲ್ಲಿ ಹಿಡಿದೇ ನೋಡಬೇಕಾದ ಸಂದರ್ಭಗಳಿವೆ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಬ್ಯಾಟರಿ, ಬಿಸಿ, ರೇಡಿಯೋ ಸಿಗ್ನಲ್ ಪರೀಕ್ಷೆಗಳನ್ನು ಮನೆಯ ಮೇಜಿನ ಮೇಲೆ ಮಾಡಲಾಗದು, ಅವನ್ನೆಲ್ಲ ಕಚೇರಿಯ ಆ ಒಂದು ವಾರಕ್ಕೆ ಹೊಂದಿಸಿಟ್ಟುಕೊಳ್ಳಬಹುದು. ಪರೀಕ್ಷಾ ಯೋಜನೆ ಬರೆಯುವುದು, ಆಟೋಮೇಷನ್ ಸ್ಕ್ರಿಪ್ಟ್, ದೋಷಗಳ ವಿಂಗಡಣೆ, ಸಂದರ್ಶನ ನಡೆಸಿ ತಂಡಕ್ಕೆ ಜನರನ್ನು ಸೇರಿಸಿಕೊಳ್ಳುವುದು ಎಲ್ಲಿಂದಲಾದರೂ ನಡೆಯುತ್ತದೆ, ಮೊದಲ 4 ತಿಂಗಳ ಕೆಲಸದಲ್ಲಿ ಇವೇ ಹೆಚ್ಚು. ಲ್ಯಾಬ್‌ನಲ್ಲಿರುವ ಉಪಕರಣಗಳನ್ನು ದೂರದಿಂದ ಚಾಲೂ ಮಾಡಿ ಲಾಗ್ ತೆಗೆಯುವ ವ್ಯವಸ್ಥೆ ಈಗಾಗಲೇ ಇದೆಯೇ ಎಂದು ಮ್ಯಾನೇಜರನ್ನು ಕೇಳಿ ತಿಳಿಸುತ್ತೀರಾ? ಇಲ್ಲದಿದ್ದರೆ ಅದನ್ನು ಕಟ್ಟುವುದೇ ನನ್ನ ಮೊದಲ ಕೆಲಸವಾಗಲಿ. ಮುಂದೆ ಇಡೀ ತಂಡಕ್ಕೆ ಉಪಯೋಗಕ್ಕೆ ಬರುತ್ತದೆ.

ಈ ಅವಧಿಯ ಓಡಾಟದ ಖರ್ಚು, ಅಲ್ಲಿ ಉಳಿಯುವ ಖರ್ಚು ಸಂಸ್ಥೆಯದ್ದೋ ನನ್ನದೋ? ಮನೆಯಲ್ಲಿ ಕೂತು ಕೆಲಸ ಮಾಡಲು ಮಾನಿಟರ್, ಕುರ್ಚಿ, ಇಂಟರ್ನೆಟ್ ಬಿಲ್‌ಗೆ ಏನಾದರೂ ಭತ್ಯೆ ಇದೆಯೇ? ಇಲ್ಲವೆಂದರೂ ನಡೆಯುತ್ತದೆ, ತಿಳಿದಿದ್ದರೆ ಒಳ್ಳೆಯದು. ಪ್ರೊಬೇಷನ್ ಮೌಲ್ಯಮಾಪನ ಮಾಡುವಾಗ ಕಚೇರಿಗೆ ಬಂದ ದಿನಗಳ ಎಣಿಕೆ ಅದರಲ್ಲಿ ಸೇರುತ್ತದೆಯೇ ಎಂಬುದನ್ನು ಮಾತ್ರ ಖಂಡಿತ ತಿಳಿಯಬೇಕು. ಒಪ್ಪಿಗೆ ಕೊಟ್ಟು ಮನೆಯಿಂದ ಕೆಲಸ ಮಾಡಿಸಿ, ಕೊನೆಗೆ "ಕಚೇರಿಯಲ್ಲಿ ಕಾಣಿಸಲಿಲ್ಲ" ಎಂದು ಅಂಕ ಕಡಿಮೆಯಾಗುವುದು ನನಗೂ ಬೇಡ, ಮೌಲ್ಯಮಾಪನ ಮಾಡುವವರಿಗೂ ಬೇಡ.

ಇನ್ನು ಸ್ಥಳಾಂತರದ ನೆರವು. ಅನುಬಂಧದಲ್ಲಿ "ಸಂಸ್ಥೆಯ ನೀತಿಯಂತೆ" ಎಂಬ ಒಂದೇ ಸಾಲಿದೆ. ಆ ನೀತಿಯ ಪ್ರತಿಯನ್ನು ಸಹಿಗೆ ಮುಂಚೆ ಕಳಿಸಬಹುದೇ? ಸೇರಿದವರಿಗಷ್ಟೇ ತೋರಿಸುವ ದಾಖಲೆ ಎಂದಾದರೆ ನನಗೆ ಅನ್ವಯಿಸುವ ಭಾಗವನ್ನಾದರೂ ಇಮೇಲ್‌ನಲ್ಲಿ ಬರೆದು ಕಳಿಸಿ.

ಹಣ ಯಾವ ರೂಪದಲ್ಲಿ ಬರುತ್ತದೆ ಎಂಬುದರ ಮೇಲೆ ನಮ್ಮ ತಯಾರಿ ನಿಂತಿದೆ. ಒಟ್ಟಿಗೆ ಒಂದು ಮೊತ್ತ ಕೊಡುತ್ತೀರೋ, ನಾವು ಖರ್ಚು ಮಾಡಿ ರಸೀದಿ ಕೊಟ್ಟ ಮೇಲೆ ಮರಳಿಸುತ್ತೀರೋ, ಸಾಮಾನು ಸಾಗಿಸುವವರಿಗೆ ಸಂಸ್ಥೆಯೇ ನೇರವಾಗಿ ಬಿಲ್ ಕಟ್ಟುತ್ತದೋ? ರಸೀದಿ ಕೊಟ್ಟು ಪಡೆಯುವುದಾದರೆ ಎಷ್ಟು ದಿನದಲ್ಲಿ ಬರುತ್ತದೆ? ಮನೆ ಬದಲಿಸುವ ತಿಂಗಳು ಹೊಸ ಮನೆಯ ಅಡ್ವಾನ್ಸ್, ಬ್ರೋಕರ್ ಕಮಿಷನ್, ಸಾಗಣೆ, ಶಾಲೆಯ ಪ್ರವೇಶ ಎಲ್ಲ ಒಂದೇ ಸಲ ಬಂದು ಬೀಳುತ್ತವೆ, ಹಳೆ ಮನೆಯ ಅಡ್ವಾನ್ಸ್ ಮಾತ್ರ ಕೈಗೆ ಬರುವುದು ಮನೆ ಖಾಲಿ ಮಾಡಿದ ಮೇಲೆ. ಆದ್ದರಿಂದ ಸ್ವಲ್ಪ ಭಾಗ ಮುಂಗಡವಾಗಿ ಸಿಗುವ ದಾರಿ ಇದ್ದರೆ ದೊಡ್ಡ ಉಪಕಾರ. ಬ್ರೋಕರ್ ಕಮಿಷನ್, ಸಾಗಣೆಯಲ್ಲಿ ಸಾಮಾನು ಒಡೆದರೆ ಪರಿಹಾರ ಕೊಡುವ ವಿಮೆ, ಕುಟುಂಬದ ಐದೂ ಜನರ ಪ್ರಯಾಣ ಇದರೊಳಗೆ ಬರುತ್ತವೆಯೇ? ಅತ್ತೆ ಮಾವ ಇಬ್ಬರೂ ನಮ್ಮ ಜೊತೆಗೇ ಇರುವವರು. ಕುಟುಂಬ ಎಂದರೆ ಗಂಡ ಮತ್ತು ಮಗಳು ಮಾತ್ರ ಎಂದು ನೀತಿ ಹೇಳುತ್ತದೆಯಾದರೆ ಈಗಲೇ ತಿಳಿಸಿ.

ಬಂದ ಹೊಸದರಲ್ಲಿ ತಾತ್ಕಾಲಿಕ ವಸತಿ ಎಷ್ಟು ದಿನಕ್ಕೆ ಸಿಗುತ್ತದೆ? 30 ದಿನ ಸಿಕ್ಕರೆ ಆಸ್ಪತ್ರೆಗೂ ಶಾಲೆಗೂ ಹತ್ತಿರವಿರುವ ಮನೆಯನ್ನು ನಿಂತು ಹುಡುಕಬಹುದು. ಅದು ಕಷ್ಟವಾದರೆ, ಮಾರ್ಚ್‌ನಲ್ಲಿ ನಾನು ಕಚೇರಿಗೆ ಬರುವ ವಾರ ಯಜಮಾನರೂ ಬಂದು ಮನೆ ನೋಡುವಂತೆ ಅವರ ಒಂದು ಪ್ರಯಾಣದ ಖರ್ಚು ಕೊಟ್ಟರೂ ಆಗುತ್ತದೆ. ಸಾಮಾನು ಸಾಗಿಸುವ ದಿನಗಳಿಗೆ ರಜೆ ಬೇರೆಯಾಗಿ ಇದೆಯೇ, ನನ್ನ ರಜೆಯಿಂದ ಕಳೆಯುತ್ತೀರಾ?

ಈ ಹಣಕ್ಕೆ ತೆರಿಗೆ ಹೇಗೆ? ಸಂಬಳದ ಜೊತೆ ಒಟ್ಟು ಮೊತ್ತವಾಗಿ ಕೊಟ್ಟರೆ ಅದು ಆದಾಯ ಎಂದೇ ಲೆಕ್ಕವಾಗಿ ತೆರಿಗೆ ಕಡಿತವಾಗಬಹುದು. ನೀವು ಹೇಳುವ ಮೊತ್ತ ತೆರಿಗೆಗೆ ಮುಂಚಿನದ್ದೋ, ಕಳೆದು ಕೈಗೆ ಬರುವುದೋ? ತೆರಿಗೆಯ ಭಾರವನ್ನೂ ಸಂಸ್ಥೆ ಹೊರುವುದಾದರೆ ಅದನ್ನು ಪತ್ರದಲ್ಲಿ ಬರೆಯಿರಿ.

ಎರಡು ಷರತ್ತುಗಳ ಬಗ್ಗೆ ಹೆಚ್ಚು ಎಚ್ಚರದಿಂದ ಕೇಳುತ್ತಿದ್ದೇನೆ. ಒಂದು, ಗಡುವು. ಸೇರಿದ ಇಷ್ಟು ತಿಂಗಳೊಳಗೆ ಸ್ಥಳಾಂತರವಾಗದಿದ್ದರೆ ನೆರವಿಲ್ಲ ಎಂಬ ನಿಯಮ ಸಾಮಾನ್ಯ. ನಾನು ಡಿಸೆಂಬರ್‌ನಲ್ಲಿ ಸೇರಿ ಏಪ್ರಿಲ್ ಕೊನೆಗೆ ಬರುವುದರಿಂದ, ಗಡುವು ಮೇ 31ರವರೆಗಾದರೂ ಇದೆ ಎಂದು ಪತ್ರದಲ್ಲಿರಬೇಕು. ಇನ್ನೊಂದು, ಹಣ ಹಿಂದಿರುಗಿಸುವ ಷರತ್ತು. ಒಂದು ವರ್ಷದೊಳಗೆ ಬಿಟ್ಟರೆ ಮರಳಿ ಕೊಡಬೇಕೆಂಬುದು ನ್ಯಾಯವೇ, ನನಗೆ ಅಭ್ಯಂತರವಿಲ್ಲ. ಆದರೆ 11 ತಿಂಗಳು ದುಡಿದು ಬಿಟ್ಟವರೂ 2 ತಿಂಗಳಿಗೇ ಬಿಟ್ಟವರೂ ಪೂರ್ತಿ ಮೊತ್ತ ಕೊಡಬೇಕೆಂದರೆ ಸರಿಯಲ್ಲ, ಕಳೆದ ತಿಂಗಳುಗಳ ಪ್ರಕಾರ ಇಳಿಯುತ್ತ ಹೋಗಬೇಕು. ಸಂಸ್ಥೆಯೇ ಹುದ್ದೆ ತೆಗೆದುಹಾಕಿದರೆ, ಕಚೇರಿಯನ್ನೇ ಬೇರೆ ಊರಿಗೆ ಒಯ್ದರೆ ಈ ಷರತ್ತು ಅನ್ವಯವಾಗಬಾರದು. ಇಡೀ ಕುಟುಂಬವನ್ನು ಎಬ್ಬಿಸಿಕೊಂಡು ಬಂದ ಮೇಲೆ ಕೆಲಸವೂ ಹೋಗಿ ಸಾಲವೂ ಉಳಿಯುವ ಪರಿಸ್ಥಿತಿಗೆ ನಾನು ಸಹಿ ಹಾಕಲಾರೆ.

ಸಂಬಳದ ಬಗ್ಗೆ ಸಣ್ಣ ಸ್ಪಷ್ಟನೆ. ಉದ್ಯೋಗಿ ಇರುವ ಊರಿನ ಮೇಲೆ ಸಂಬಳ ನಿಗದಿ ಮಾಡುವ ಪದ್ಧತಿ ನಿಮ್ಮಲ್ಲಿದ್ದರೆ, ಏಪ್ರಿಲ್‌ವರೆಗೆ ನಾನು ಇಲ್ಲೇ ಇರುತ್ತೇನೆಂದು ಆಫರ್‌ನ ಮೊತ್ತ ಬದಲಾಗುವುದಿಲ್ಲ ತಾನೇ? ವರ್ಷಕ್ಕೆ ಕೆಲವು ವಾರ ಬೇರೆ ಊರಿಂದ ಕೆಲಸ ಮಾಡಲು ಅವಕಾಶ ಇದೆಯೇ ಎಂಬುದನ್ನೂ ಒಂದು ಸಾಲಿನಲ್ಲಿ ತಿಳಿಸಿ. ದೇಶದೊಳಗಿನ ಮಾತು ಕೇಳುತ್ತಿದ್ದೇನೆ. ಹೊರದೇಶದಿಂದ ಎಂದರೆ ತೆರಿಗೆ, ವೀಸಾ, ದತ್ತಾಂಶ ಭದ್ರತೆ ಎಲ್ಲ ಅಡ್ಡ ಬರುತ್ತವೆಂದು ಗೊತ್ತು, ನನಗದು ಬೇಕಿಲ್ಲ.

ಕೇಳಿದ್ದು ಬಹಳವಾಯಿತು, ಹಾಗಾಗಿ ಯಾವುದು ಎಷ್ಟು ಮುಖ್ಯ ಎಂದೂ ಹೇಳುತ್ತೇನೆ. ಏಪ್ರಿಲ್ ಕೊನೆಯವರೆಗಿನ ವ್ಯವಸ್ಥೆ, ಸ್ಥಳಾಂತರ ನೆರವಿನ ಗಡುವು, ಹಣ ಹಿಂದಿರುಗಿಸುವ ಷರತ್ತಿನ ತಿದ್ದುಪಡಿ, ಈ ಮೂರು ಪತ್ರದಲ್ಲಿ ಬರಲೇಬೇಕು. ಇವಿಲ್ಲದೆ ನಾನು ಒಪ್ಪುವುದು ಕಷ್ಟ. ಮೊತ್ತ, ತಾತ್ಕಾಲಿಕ ವಸತಿಯ ದಿನಗಳು, ಮನೆಯ ಸಲಕರಣೆ ಇವೆಲ್ಲ ಕೂತು ಮಾತಾಡಿ ಹೊಂದಿಸಿಕೊಳ್ಳುವಂಥವು. ತಿಂಗಳಿಗೆ 1 ವಾರದ ಬದಲು 2 ವಾರ ಬರಬೇಕು ಎಂದರೆ ಅದಕ್ಕೂ ತಯಾರಿದ್ದೇನೆ, ಪ್ರಯಾಣದ ಖರ್ಚು ಸಂಸ್ಥೆಯದ್ದಾದರೆ ಸಾಕು. ಯಾವುದಾದರೂ ಆಗುವುದೇ ಇಲ್ಲ ಎಂದಿದ್ದರೆ ಸಂಕೋಚವಿಲ್ಲದೆ ಹೇಳಿ. ನಿಮ್ಮ ಕೈಯಲ್ಲಿಲ್ಲದ್ದನ್ನು ಯಾರು ತೀರ್ಮಾನಿಸುತ್ತಾರೆ ಎಂದು ತಿಳಿಸಿದರೆ ಅವರ ಜೊತೆ ನಾನೇ ಮಾತಾಡಲೂ ಸಿದ್ಧ.

ಫೋನಿನಲ್ಲಿ ಮಾತಾಡುವುದು ಸುಲಭ ಎನಿಸಿದರೆ ಗುರುವಾರ ಅಥವಾ ಶುಕ್ರವಾರ ಸಂಜೆ 6ರ ನಂತರ ಕರೆ ಮಾಡಿ. ಮಾತಾದ ಮೇಲೆ ಒಪ್ಪಿಕೊಂಡದ್ದನ್ನೆಲ್ಲ ನಾನೇ ಬರೆದು ಇಮೇಲ್ ಮಾಡುತ್ತೇನೆ, ನೀವು ಸರಿ ಎಂದು ಉತ್ತರಿಸಿ ತಿದ್ದಿದ ಪತ್ರ ಕಳಿಸಿದರಾಯಿತು. ಅದು ಕೈಸೇರಿದ ಮರುದಿನವೇ ಸಹಿ ಹಾಕಿ ಕಳಿಸಿ, ಇಲ್ಲಿ ರಾಜೀನಾಮೆ ಕೊಡುತ್ತೇನೆ. ಅಲ್ಲಿಯವರೆಗೆ ರಾಜೀನಾಮೆ ಕೊಡುವುದಿಲ್ಲ, ಆದ್ದರಿಂದ ಪತ್ರ ತಡವಾದಷ್ಟೂ ಸೇರುವ ದಿನವೂ ಅಷ್ಟೇ ಮುಂದೆ ಹೋಗುತ್ತದೆ ಎಂಬುದನ್ನು ಮ್ಯಾನೇಜರ್‌ಗೂ ದಯವಿಟ್ಟು ತಿಳಿಸಿ.

ವಂದನೆಗಳೊಂದಿಗೆ,
ಶೈಲಜಾ