ಶೀತಲ ಕೇಂದ್ರದ ನವೀಕರಣ ಬೇಡ, ನಾಲ್ಕು ಊರಲ್ಲಿ ಬಿಎಂಸಿ ಹಾಕಿಸೋಣ: ₹64 ಲಕ್ಷಕ್ಕೆ ನವೆಂಬರ್ 14ರೊಳಗೆ ಒಪ್ಪಿಗೆ ಬೇಕು

ಮಾನ್ಯ ವ್ಯವಸ್ಥಾಪಕ ನಿರ್ದೇಶಕರ ನಿರ್ಣಯಕ್ಕೆ
ಶೇಖರಣೆ ಮತ್ತು ಇನ್‌ಪುಟ್ ವಿಭಾಗ, 10 ನವೆಂಬರ್ 2025

ಕೇಳುತ್ತಿರುವುದು

ರೂಟ್ 2 ಮತ್ತು 3ರ 21 ಸಂಘಗಳ ಹಾಲನ್ನು ಕ್ಯಾನಿನಲ್ಲಿ ಶೀತಲ ಕೇಂದ್ರಕ್ಕೆ ತರುವುದನ್ನು ಬಿಟ್ಟು, ನಾಲ್ಕು ಊರುಗಳಲ್ಲೇ ಬಲ್ಕ್ ಮಿಲ್ಕ್ ಕೂಲರ್ ಇಟ್ಟು ತಣಿಸಲು ₹64 ಲಕ್ಷದ ಮಂಜೂರಾತಿ. ಇದರಲ್ಲಿ ₹51 ಲಕ್ಷ ಈಗಲೇ ಖರ್ಚಾಗುತ್ತದೆ. ಉಳಿದ ₹13 ಲಕ್ಷ ನಾಲ್ಕನೇ ಊರಿನ ವಿದ್ಯುತ್ ಪ್ರಶ್ನೆ ಬಗೆಹರಿಯುವವರೆಗೆ ಮುಟ್ಟುವುದಿಲ್ಲ.

ಏಕೆ

ಕಳೆದ ವರ್ಷ ಈ ಎರಡು ರೂಟ್‌ಗಳಲ್ಲಿ 62,000 ಲೀಟರ್ ಹಾಲು ಹುಳಿಯಾಗಿ ಕೆಳದರ್ಜೆಗೆ ಹೋಯಿತು. ಲೀಟರಿಗೆ ₹18ರಂತೆ ಒಕ್ಕೂಟಕ್ಕೆ ₹11.16 ಲಕ್ಷ ನಷ್ಟ. ಅದರಲ್ಲಿ 44,000 ಲೀಟರ್ ಮಾರ್ಚ್‌ನಿಂದ ಮೇ ತನಕದ ಸಂಜೆ ಪಾಳಿಯದು. ಹಾಲು ಕೆಡುತ್ತಿರುವುದು ಕೇಂದ್ರದಲ್ಲಲ್ಲ, ದಾರಿಯಲ್ಲಿ. ಕೊನೆಯ ಸಂಘದಲ್ಲಿ ಕರೆದ ಹಾಲು ಕೇಂದ್ರದ ಡಂಪ್ ಟ್ಯಾಂಕಿಗೆ ಬೀಳುವಷ್ಟರಲ್ಲಿ 3 ಗಂಟೆ 40 ನಿಮಿಷ ಕಳೆದಿರುತ್ತದೆ, ಆಗಲೂ ಅದರ ಉಷ್ಣಾಂಶ 33 ಡಿಗ್ರಿ ಇರುತ್ತದೆ. ಕೇಂದ್ರಕ್ಕೆ ಎಂಥ ಹೊಸ ಯಂತ್ರ ತಂದರೂ ಆ ಸಮಯವನ್ನು ಅದು ಕಡಿಮೆ ಮಾಡದು.

ಮೂರು ದಾರಿ

| | ಬಂಡವಾಳ | ವರ್ಷಕ್ಕೆ ಉಳಿತಾಯ | ಹಣ ಮರಳಲು | ಹುಳಿ ಹಾಲು |
|---|---|---|---|---|
| ಎ. ನಾಲ್ಕು ಬಿಎಂಸಿ (ನಮ್ಮ ಶಿಫಾರಸು) | ₹64 ಲಕ್ಷ | ₹12.40 ಲಕ್ಷ | 5 ವರ್ಷ 2 ತಿಂಗಳು | ಶೇ. 80 ಇಳಿಕೆ |
| ಬಿ. ಕೇಂದ್ರದ ಅಮೋನಿಯಾ ಘಟಕ ನವೀಕರಣ | ₹48 ಲಕ್ಷ | ₹5.17 ಲಕ್ಷ | 9 ವರ್ಷ 3 ತಿಂಗಳು | ಶೇ. 15 ಇಳಿಕೆ |
| ಸಿ. ಇದ್ದ ಹಾಗೇ ಮುಂದುವರಿಕೆ | ಇಲ್ಲ | ಇಲ್ಲ | – | ಇದ್ದಷ್ಟೇ |

ಈ ಶುಕ್ರವಾರವೇ ಏಕೆ

ನವೆಂಬರ್ 24ರ ಆಡಳಿತ ಮಂಡಳಿ ಸಭೆಯ ಕಾರ್ಯಸೂಚಿ ಶುಕ್ರವಾರ ಸಂಜೆಗೆ ಅಂತಿಮವಾಗುತ್ತದೆ. ಈ ಸಭೆಗೆ ಹೋದರೆ ಎರಡು ಘಟಕ ಮಾರ್ಚ್ ಮಧ್ಯಕ್ಕೆ, ಮೂರನೆಯದು ಏಪ್ರಿಲ್ ಮಧ್ಯಕ್ಕೆ ಶುರುವಾಗುತ್ತವೆ. ತಪ್ಪಿದರೆ ಮುಂದಿನ ಸಭೆ ಜನವರಿಯಲ್ಲಿ, ಆಮೇಲೆ ಟೆಂಡರ್. ಅಷ್ಟರಲ್ಲಿ ಬೇಸಿಗೆ ಮುಗಿದಿರುತ್ತದೆ, ಅಂದರೆ ಇನ್ನೊಂದು ವರ್ಷದ ನಷ್ಟ ಖಚಿತ.

ದೊಡ್ಡ ಅಪಾಯ ಒಂದೇ: ಕರೆಂಟು

ಹೊಸಹಳ್ಳಿ, ಕೆರೆಕೋಡಿ, ಬಸವನಪುರ ಮೂರೂ ನಿರಂತರ ಜ್ಯೋತಿ ಫೀಡರ್‌ನಲ್ಲಿವೆ. ಗೊಲ್ಲರಹಟ್ಟಿಯ ಸಂಘದ ಕಟ್ಟಡ ಇನ್ನೂ ಪಂಪ್‌ಸೆಟ್ ಲೈನಿನಲ್ಲಿದೆ. ಮೇಲೆ ಹೇಳಿದ ₹13 ಲಕ್ಷ ತಡೆಹಿಡಿದಿರುವುದು ಇದೇ ಕಾರಣಕ್ಕೆ.

---

ಸ್ಲೈಡಿನ ಕೆಳಗಿನ ಟಿಪ್ಪಣಿ
*(ನಿರ್ಣಯಕ್ಕೆ ಮೇಲಿನದ್ದು ಸಾಕು. ಇದು ಆಡಳಿತ ಮಂಡಳಿಯಲ್ಲಿ ಪ್ರಶ್ನೆ ಬಂದಾಗ ತಮ್ಮ ಕೈಯಲ್ಲಿರಲಿ ಎಂದು.)*

₹12.40 ಲಕ್ಷ ಎಲ್ಲಿಂದ ಬಂತು. ಹುಳಿ ಹಾಲಿನ ನಷ್ಟದಲ್ಲಿ ಶೇ. 80 ತಪ್ಪಿದರೆ ₹8.93 ಲಕ್ಷ. ಈಗ ಎರಡು ಕ್ಯಾನ್ ಲಾರಿಗಳು ದಿನಕ್ಕೆ ಎರಡೆರಡು ಟ್ರಿಪ್ ಹೊಡೆಯುತ್ತವೆ, ಟ್ರಿಪ್ಪಿಗೆ ₹2,600, ಒಟ್ಟು ದಿನಕ್ಕೆ ₹10,400. ಹೊಸ ವ್ಯವಸ್ಥೆಯಲ್ಲಿ ಅಕ್ಕಪಕ್ಕದ ಸಂಘಗಳಿಂದ ಬಿಎಂಸಿಗೆ ಕ್ಯಾನ್ ತರಲು ನಾಲ್ಕು ಗೂಡ್ಸ್ ಆಟೋಗಳಿಗೆ ₹5,200, ದಿನಕ್ಕೊಮ್ಮೆ ಬರುವ ಟ್ಯಾಂಕರಿಗೆ ₹3,400, ಕೂಡಿ ₹8,600. ವರ್ಷಕ್ಕೆ ₹6.57 ಲಕ್ಷ ಉಳಿಯುತ್ತದೆ. ಆದರೆ ತಣಿಸುವ ಖರ್ಚು ಏರುತ್ತದೆ. ನಾಲ್ಕು ಕಡೆ ಕರೆಂಟು, ಡೀಸೆಲ್, ಆಪರೇಟರ್ ಬೇಕು, ಕೇಂದ್ರದ ಸ್ಥಿರ ವೆಚ್ಚವೂ ಹಾಗೇ ಉಳಿಯುತ್ತದೆ. ಇದಕ್ಕೆ ₹3.10 ಲಕ್ಷ ಕಳೆದಿದ್ದೇವೆ. ಬಿಎಂಸಿ ಪ್ರಸ್ತಾವನೆಗಳಲ್ಲಿ ಸಾಮಾನ್ಯವಾಗಿ ಈ ಕೊನೆಯ ಸಾಲು ಕಾಣೆಯಾಗಿರುತ್ತದೆ, ಹಾಗಾಗಿ ಬಿಡಿಸಿ ಬರೆದಿದ್ದೇನೆ.

ಸಂಘಗಳಿಗೆ ಹುಳಿ ಹಾಲಿನ ಮೇಲೆ ನಾವು ಮಾಡುವ ಕಡಿತ ಈ ಲೆಕ್ಕದಲ್ಲಿಲ್ಲ. ಅದು ರೈತರ ಬಟವಾಡೆಯಲ್ಲಿ ಹೋಗುವ ದುಡ್ಡು, ಒಕ್ಕೂಟದ ಉಳಿತಾಯವೆಂದು ತೋರಿಸುವುದು ಸರಿಯಲ್ಲ. ಆದರೆ ಮಹಾಸಭೆಯಲ್ಲಿ ಅಧ್ಯಕ್ಷರು ಮೊದಲು ಎತ್ತುವ ಮಾತು ಅದೇ ಆಗಿರುತ್ತದೆ.

ಅಂದಾಜು ತಪ್ಪಾದರೆ. ಹುಳಿ ಹಾಲು ಶೇ. 80ರ ಬದಲು ಅರ್ಧಕ್ಕೆ ಮಾತ್ರ ಇಳಿದರೆ ಉಳಿತಾಯ ₹9.05 ಲಕ್ಷ, ಹಣ ಮರಳಲು ಏಳು ವರ್ಷ. ಇಳಿಕೆ ಶೇ. 30ಕ್ಕೆ ಕುಸಿದರೆ ಮಾತ್ರ ಎ ಮತ್ತು ಬಿ ಸಮವಾಗುತ್ತವೆ. ಹಾಗಾಗುವುದು ಕಷ್ಟ ಎನ್ನಲು ಕಾರಣ ಎಂಬಿಆರ್‌ಟಿ ಪರೀಕ್ಷೆ. ಈ ಪರೀಕ್ಷೆಯಲ್ಲಿ ಮೆಥಿಲೀನ್ ಬ್ಲೂ ಬಣ್ಣ 5 ಗಂಟೆ ಉಳಿದರೆ ಹಾಲು ಬಹಳ ಉತ್ತಮ, ಅರ್ಧ ಗಂಟೆಯಲ್ಲೇ ಮಾಸಿದರೆ ಕಳಪೆ. ಈ ಬೇಸಿಗೆಯಲ್ಲಿ ರೂಟ್ 3ರ ಕೊನೆಯ ಸಂಘದಲ್ಲೇ ತೆಗೆದ ಮಾದರಿ ನಾಲ್ಕು ಗಂಟೆ ತಡೆಯಿತು. ಅದೇ ಹಾಲು ಕೇಂದ್ರ ತಲುಪಿದ ಮೇಲೆ ಮುಕ್ಕಾಲು ಗಂಟೆಯಲ್ಲಿ ಬಣ್ಣ ಬಿಟ್ಟಿತು. ಕೊಟ್ಟಿಗೆಯಲ್ಲಿ ಸ್ವಚ್ಛತೆ ಇಲ್ಲ ಎಂದು ರೈತರನ್ನು ದೂರುತ್ತಾ ಬಂದಿದ್ದೇವೆ. ಈ ಎರಡು ರೂಟ್‌ಗಳ ಮಟ್ಟಿಗೆ ಆ ದೂರು ನಿಲ್ಲುವುದಿಲ್ಲ. ಕೆಚ್ಚಲಿನಿಂದ 37 ಡಿಗ್ರಿಯಲ್ಲಿ ಬರುವ ಹಾಲು ಮುಚ್ಚಿದ ಕ್ಯಾನಿನಲ್ಲಿ ಬಿಸಿಲಿಗೆ ಕುಲುಕುತ್ತಾ ಕುಳಿತರೆ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗುತ್ತವೆ. ಬಿಎಂಸಿ ಅದನ್ನು ಸುಮಾರು ಮೂರು ಗಂಟೆಯಲ್ಲಿ 4 ಡಿಗ್ರಿಗೆ ಇಳಿಸುತ್ತದೆ, ಇಳಿಯುವ ಕೆಲಸ ಮೊದಲ ಕ್ಯಾನ್ ಸುರಿದ ಕ್ಷಣದಿಂದಲೇ ಶುರು.

ಎಂಜಿನಿಯರಿಂಗ್ ವಿಭಾಗದ ತಕರಾರು. ಕಂಪ್ರೆಸರ್‌ಗಳು 1994ರವು, ಒಂದು ನಿಂತರೆ ಇಡೀ ಕೇಂದ್ರ ನಿಲ್ಲುತ್ತದೆ, ಆದ್ದರಿಂದ ಬಿ ಆಯ್ಕೆಯೇ ಸರಿ ಎನ್ನುತ್ತಾರೆ. ಆತಂಕ ಒಪ್ಪತಕ್ಕದ್ದೇ. ಆದರೆ ಅದಕ್ಕೂ ಉತ್ತರ ಎ ಆಯ್ಕೆಯಲ್ಲಿಯೇ ಇದೆ. ಈಗ ಕೇಂದ್ರಕ್ಕೆ ದಿನಕ್ಕೆ 18,400 ಲೀಟರ್ ಬರುತ್ತದೆ. 11,000 ಲೀಟರ್ ಬಿಎಂಸಿಗಳಿಗೆ ಹೋದರೆ ರೂಟ್ 1ರ 7,400 ಮಾತ್ರ ಉಳಿಯುತ್ತದೆ, ಒಂದು ಕಂಪ್ರೆಸರ್ ಸಾಕು, ಇನ್ನೊಂದು ಸ್ಟ್ಯಾಂಡ್‌ಬೈ. ಕೇಂದ್ರ ಮುಚ್ಚುವುದಿಲ್ಲ, ಅಲ್ಲಿನ ಗುತ್ತಿಗೆ ಕಾರ್ಮಿಕರಲ್ಲಿ ಯಾರನ್ನೂ ತೆಗೆಯುವುದಿಲ್ಲ. ಬಿಎಂಸಿ ಆಪರೇಟರ್‌ಗಳಾಗಿ ಅವರಲ್ಲೇ ನಾಲ್ವರನ್ನು ಕಳುಹಿಸಬಹುದು. ಸಭೆಯಲ್ಲಿ ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಯಂತ್ರದ ಅಳತೆ. ಹೊಸಹಳ್ಳಿ ಮತ್ತು ಕೆರೆಕೋಡಿಗೆ 5,000 ಲೀಟರಿನವು, ತಲಾ ₹17 ಲಕ್ಷ. ಬಸವನಪುರ ಮತ್ತು ಗೊಲ್ಲರಹಟ್ಟಿಗೆ 3,000 ಲೀಟರಿನವು, ತಲಾ ₹13 ಲಕ್ಷ. ಜನರೇಟರ್, ಕಟ್ಟಡದ ಕೆಲಸ, ವೈರಿಂಗ್ ಎಲ್ಲ ಸೇರಿ ₹60 ಲಕ್ಷ. ಮಿಕ್ಕ ₹4 ಲಕ್ಷ ಉಷ್ಣಾಂಶ ದಾಖಲಿಸುವ ಸಾಧನ ಮತ್ತು ಟ್ಯಾಂಕರ್ ತಿರುಗಲು ಜಾಗ ಮಾಡುವುದಕ್ಕೆ. ಒಟ್ಟು ಸಾಮರ್ಥ್ಯ 16,000 ಲೀಟರ್. ಹಾಲು ಹೆಚ್ಚುವ ಕಾಲದಲ್ಲಿ ಈ ರೂಟ್‌ಗಳಲ್ಲಿ ಕಂಡ ಗರಿಷ್ಠ 13,200.

ಉಷ್ಣಾಂಶ ದಾಖಲಿಸುವ ಸಾಧನವನ್ನು ಖರ್ಚು ಕಡಿತದ ಹೆಸರಲ್ಲಿ ಕೈಬಿಡಬಾರದೆಂದು ವಿನಂತಿ. ರಾತ್ರಿ ಡೀಸೆಲ್ ಉಳಿಸಲು ಜನರೇಟರ್ ಆರಿಸಿ, ಬೆಳಿಗ್ಗೆ ಟ್ಯಾಂಕರ್ ಬರುವ ಮುಂಚೆ ಓಡಿಸಿ 4 ಡಿಗ್ರಿ ತೋರಿಸುವುದು ಹೊಸ ವಿದ್ಯೆಯೇನಲ್ಲ.

ಟೆಂಡರ್ ಷರತ್ತಿನಲ್ಲಿ ಆರ್-22 ಅನಿಲದ ಯಂತ್ರ ಬೇಡ ಎಂದು ಸ್ಪಷ್ಟವಾಗಿ ಇರಬೇಕು. ಮಾಂಟ್ರಿಯಲ್ ಒಪ್ಪಂದದಡಿ 2030ರ ವೇಳೆಗೆ ಆ ಅನಿಲದ ಬಳಕೆ ಬಹುತೇಕ ನಿಲ್ಲಬೇಕಿದೆ. ಅಗ್ಗಕ್ಕೆ ಬಂತೆಂದು ಕೊಂಡರೆ ಹಣ ಮರಳುವ ಮೊದಲೇ ಗ್ಯಾಸ್ ತುಂಬಿಸಲು ಪರದಾಡಬೇಕಾಗುತ್ತದೆ.

ಕೇಂದ್ರ ಸರ್ಕಾರದ ಅನುದಾನಕ್ಕೆ ಕಾಯಬಾರದೇಕೆ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಬಿಎಂಸಿಗೆ ನೆರವು ಇದೆ. ಆದರೆ ಪ್ರಸ್ತಾವನೆ ಹೋಗಿ ಮಂಜೂರಾತಿ ಬರುವವರೆಗೆ ಮೂರು ಊರುಗಳನ್ನು ಕಾಯಿಸಿದರೆ ಕಳೆದುಕೊಳ್ಳುವುದು ಹುಳಿ ಹಾಲಿನಲ್ಲೇ ಕಾಣುತ್ತದೆ. ಹೇಗೂ ತಡವಾಗುವ ಗೊಲ್ಲರಹಟ್ಟಿಯನ್ನು ಆ ಯೋಜನೆಗೆ ಕಳುಹಿಸೋಣ. ಬಂದರೆ ₹13 ಲಕ್ಷದಲ್ಲಿ ಒಂದು ಪಾಲು ಉಳಿಯುತ್ತದೆ. ಅಲ್ಲಿಯವರೆಗೆ ಅಲ್ಲಿನ ನಾಲ್ಕು ಸಂಘಗಳ 1,900 ಲೀಟರ್ ಕ್ಯಾನಿನಲ್ಲೇ ಬರಲಿ. ಈ ಕಾರಣದಿಂದ ಮೊದಲ ವರ್ಷದ ಉಳಿತಾಯ ₹10 ಲಕ್ಷ ದಾಟುವುದೆಂದು ಯಾರಿಗೂ ಮಾತು ಕೊಡುವುದು ಬೇಡ.

ಸಂಘಗಳಿಂದ ಬರುವ ವಿರೋಧ. "ಅವರ ನೀರು ಹಾಲಿಗೆ ನಮ್ಮ ಗಟ್ಟಿ ಹಾಲು ಸೇರಿಸಿ ಒಂದೇ ಫ್ಯಾಟ್ ಹಾಕ್ತೀರಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ, ಬರಬೇಕಾದದ್ದೂ ಹೌದು. ಉತ್ತರ ಇಷ್ಟು: ಬಿಎಂಸಿಗೆ ಸುರಿಯುವ ಮುಂಚೆ ಪ್ರತಿ ಸಂಘದ ಹಾಲಿನ ತೂಕ, ಫ್ಯಾಟ್, ಎಸ್‌ಎನ್‌ಎಫ್ ಪ್ರತ್ಯೇಕವಾಗಿ ದಾಖಲಾಗುತ್ತದೆ, ಹಣ ಅದರ ಮೇಲೆಯೇ. ಟೆಸ್ಟರ್ ಬಿಎಂಸಿ ಇರುವ ಊರಿನವನಾಗಿರಬಾರದು. ಇದೊಂದು ಷರತ್ತು ಸಡಿಲವಾದರೆ ಯಂತ್ರ ಚೆನ್ನಾಗಿದ್ದರೂ ಸಂಘಗಳು ಖಾಸಗಿ ಡೇರಿಯ ಕಡೆ ವಾಲುತ್ತವೆ.

ಲಾರಿ ಗುತ್ತಿಗೆದಾರರ ಒಪ್ಪಂದ ಮಾರ್ಚ್ 31ಕ್ಕೆ ಮುಗಿಯುತ್ತದೆ, ಮಧ್ಯದಲ್ಲಿ ಮುರಿಯುವ ಅಗತ್ಯವಿಲ್ಲ. ಬಸವನಪುರದ ಘಟಕ ಏಪ್ರಿಲ್‌ನಲ್ಲಿ ಶುರುವಾಗುವವರೆಗೆ ಒಂದು ಲಾರಿಗೆ ಒಂದು ತಿಂಗಳ ವಿಸ್ತರಣೆ ಕೊಡಬೇಕಾಗುತ್ತದೆ. ಗೊಲ್ಲರಹಟ್ಟಿಯ ಕ್ಯಾನ್‌ಗಳಿಗೆ ಆ ಬಳಿಕ ಚಿಕ್ಕ ಗಾಡಿ ಸಾಕು.

ತಾವು ಒಪ್ಪಿದಲ್ಲಿ ಕಡತಕ್ಕೆ ಆದೇಶದ ಕರಡು:

"ರೂಟ್ 2 ಮತ್ತು 3ಕ್ಕೆ ನಾಲ್ಕು ಬಿಎಂಸಿ ಅಳವಡಿಸುವ ₹64 ಲಕ್ಷದ ಪ್ರಸ್ತಾವನೆಯನ್ನು ನವೆಂಬರ್ 24ರ ಆಡಳಿತ ಮಂಡಳಿ ಸಭೆಯಲ್ಲಿ ಮಂಡಿಸಿ. ಮಂಡಳಿಯ ಒಪ್ಪಿಗೆ ದೊರೆತ ಮರುದಿನವೇ ಹೊಸಹಳ್ಳಿ, ಕೆರೆಕೋಡಿ, ಬಸವನಪುರ ಘಟಕಗಳಿಗೆ ಪಾರದರ್ಶಕತೆ ಅಧಿನಿಯಮದಂತೆ ಟೆಂಡರ್ ಪ್ರಕಟಿಸಿ. ಗೊಲ್ಲರಹಟ್ಟಿಗೆ ನಿರಂತರ ಜ್ಯೋತಿ ಸಂಪರ್ಕದ ಲಿಖಿತ ದೃಢೀಕರಣ ವಿದ್ಯುತ್ ಕಂಪನಿಯಿಂದ ಬರುವವರೆಗೆ ಖರೀದಿ ಆದೇಶ ನೀಡಬಾರದು. ಶೀತಲ ಕೇಂದ್ರದ ನವೀಕರಣ ಪ್ರಸ್ತಾವನೆಯನ್ನು ಕೈಬಿಡಲಾಗಿದೆ. ಜೂನ್ ಮೊದಲ ವಾರದಲ್ಲಿ ಮೂರೂ ಘಟಕಗಳ ಹುಳಿ ಹಾಲು ಮತ್ತು ಎಂಬಿಆರ್‌ಟಿ ಅಂಕಿಗಳನ್ನು ಕಳೆದ ಬೇಸಿಗೆಯ ಅಂಕಿಗಳ ಪಕ್ಕದಲ್ಲಿಟ್ಟು ನನ್ನ ಮುಂದೆ ತರತಕ್ಕದ್ದು."